ಅಪ್ಪಾಜಿಯ 1,486ನೇ ಲೆವೆಲ್ ಲಾಗ್‌ಔಟ್ ಮಾಡಿದ ಕೂಡಲೇ ಹೋಯ್ತು. ವಾಪಸ್ ಬರುತ್ತಾ?

ಸಾಧನಕೇರಿ ಮಗಳು · ಶನಿವಾರ ರಾತ್ರಿ 8:50

ನಮ್ಮ ಅಪ್ಪಾಜಿ ಬ್ಯಾಂಕಿನಲ್ಲಿ ಇದ್ದವರು, ಈಗ ನಿವೃತ್ತಿ. ಸವಣೂರಿನಲ್ಲಿ ಇರುತ್ತಾರೆ. ಅಕ್ಷರ ಜೋಡಿಸಿ ಪದ ಮಾಡುವ ಒಂದು ಆಟ ಇದೆ, ಎರಡು ವರ್ಷದಿಂದ ದಿನಾ ಊಟ ಆದ ಮೇಲೆ ಆಡುತ್ತಾರೆ. 1,486ನೇ ಲೆವೆಲ್‌ಗೆ ಬಂದಿದ್ದರು.

ಗುರುವಾರ ಆಟದ ಸೆಟ್ಟಿಂಗ್‌ನಲ್ಲಿ ಏನೋ ಹುಡುಕುವಾಗ "Log out" ಕಾಣಿಸಿದೆ. ಒತ್ತಿಬಿಟ್ಟಿದ್ದಾರೆ. ಯಾಕೆ ಒತ್ತಿದಿರಿ ಅಂತ ಕೇಳಿದರೆ, "ಲಾಗ್‌ಔಟ್ ಮಾಡದೇ ಕುರ್ಚಿ ಬಿಟ್ಟು ಏಳಬಾರದು ಅಂತ ಮೂವತ್ತು ವರ್ಷ ಕಲಿಸಿದ್ದಾರೆ" ಅಂದರು. ಇದಕ್ಕೆ ನಾನೇನು ಹೇಳಲಿ?

ಮತ್ತೆ ತೆರೆದಾಗ "Play as Guest" ಮತ್ತು "Sign in with Google" ಅಂತ ಎರಡು ಬಟನ್ ಬಂದಿವೆ. ಮೊದಲಿನಿಂದಲೂ ಗೆಸ್ಟ್ ಆಗಿಯೇ ಆಡುತ್ತಿದ್ದರು, ಅದನ್ನೇ ಒತ್ತಿದ್ದಾರೆ. ಲೆವೆಲ್ 1.

ನಿನ್ನೆ ಸಂಕ್ರಾಂತಿಗೆ ಅಂತ ಧಾರವಾಡಕ್ಕೆ ಬಂದರು. ಬಂದವರೇ ಫೋನ್ ನನ್ನ ಕೈಗೆ ಕೊಟ್ಟು "ನೋಡವ್ವಾ ಸ್ವಲ್ಪ" ಅಂದರು. ನಾನು ಗಾಬರಿಯಲ್ಲಿ ಅವರದೇ ಜಿಮೇಲ್ ಹಾಕಿ ಗೂಗಲ್ ಬಟನ್ ಕೂಡ ಒತ್ತಿ ನೋಡಿದೆ. ಅಲ್ಲೂ ಲೆವೆಲ್ 1. ಆಂಡ್ರಾಯ್ಡ್ ಫೋನ್. ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದರೆ ಬರುತ್ತಾ? ಮಾಡೋ ಮೊದಲು ಕೇಳೋಣ ಅಂತ ಬರೆದೆ.

ಮುಳಗುಂದ ನಾಕಾ · ರಾತ್ರಿ 8:58

ಲಾಗಿನ್ ಪುಟದಲ್ಲಿ "Forgot password" ಒತ್ತಿರಿ ಅಕ್ಕಾ. ಮೇಲ್‌ಗೆ ಲಿಂಕ್ ಬರುತ್ತದೆ. ನನಗೂ ಹೀಗೇ ಆಗಿತ್ತು, ಎರಡು ನಿಮಿಷದ ಕೆಲಸ.

ಸಾಧನಕೇರಿ ಮಗಳು · ರಾತ್ರಿ 9:01

ಪಾಸ್‌ವರ್ಡೇ ಇಲ್ಲ ಅಣ್ಣಾ. ಗೆಸ್ಟ್ ಆಗಿ ಆಡುತ್ತಿದ್ದರು.

ಕೊಪ್ಪಿಕರ್ ರೋಡ್ ಮೊಬೈಲ್ · ರಾತ್ರಿ 9:10

ಮೇಡಂ, ನಾನು ಹುಬ್ಬಳ್ಳಿಯಲ್ಲಿ 14 ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ಇಂಥ ಕೇಸ್ ತಿಂಗಳಿಗೆ ಎರಡಾದರೂ ಬರುತ್ತವೆ. ಅನ್‌ಇನ್‌ಸ್ಟಾಲ್ ಮಾಡಿ, ಪ್ಲೇ ಸ್ಟೋರಿನಿಂದ ಮತ್ತೆ ಹಾಕಿ. ಆಟ ಫೋನನ್ನು ಗುರುತು ಹಿಡಿಯುತ್ತದೆ, ಹಳೇದೆಲ್ಲಾ ಬರುತ್ತದೆ. ಬರಲಿಲ್ಲ ಅಂದರೆ ಫೋನ್ ತಗೊಂಡು ಬನ್ನಿ, ರೂಟ್ ಮಾಡಿ ಒಳಗಿನ ಫೈಲ್ ತೆಗೆದು ನೋಡೋಣ.

ವಿದ್ಯಾನಗರ ಕೋಡು · ರಾತ್ರಿ 9:16

ನಿಲ್ಲಿ ನಿಲ್ಲಿ. ಅಕ್ಕಾ, ಈಗಲೇ ಏನೂ ತೆಗೆಯಬೇಡಿ. ಮೊದಲು ಒಂದು ಕೆಲಸ ಮಾಡಿ. ಅಪ್ಪಾಜಿ ಫೋನಿನ ವೈಫೈ ಆಫ್ ಮಾಡಿ. ಇವತ್ತು ರಾತ್ರಿ ವೈಫೈ ಹಚ್ಚಿಕೊಂಡು ಚಾರ್ಜಿಗೆ ಹಾಕಲೇಬೇಡಿ. ಮಾಡಿ ಬಂದು ಹೇಳಿ, ಕಾರಣ ಆಮೇಲೆ ಬರೆಯುತ್ತೇನೆ.

ಸಾಧನಕೇರಿ ಮಗಳು · ರಾತ್ರಿ 9:19

ಮಾಡಿದೆ. ಆದರೆ ನಿನ್ನೆ ರಾತ್ರಿ ಇಡೀ ಹಾಲ್‌ನಲ್ಲಿ ಚಾರ್ಜಿಗೆ ಇತ್ತು! ಈಗ ಹೆದರಿಕೆ ಆಗ್ತಿದೆ.

ಒಂದು ನಿಮಿಷ, ನೋಡಿದೆ. ನಿನ್ನೆ ವೈಫೈ ಸೇರಿಕೊಂಡೇ ಇಲ್ಲ. ಪಕ್ಕದ ಮನೆಯವರು ಬಳಸುತ್ತಿದ್ದಾರೆ ಅಂತ ಡಿಸೆಂಬರ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸಿದ್ದೆ. ಅಪ್ಪಾಜಿ ಫೋನಿನಲ್ಲಿ ಹಳೇ ಪಾಸ್‌ವರ್ಡೇ ಇದೆ.

ವಿದ್ಯಾನಗರ ಕೋಡು · ರಾತ್ರಿ 9:34

ಪಕ್ಕದ ಮನೆಯವರಿಗೆ ಎಳ್ಳು ಬೆಲ್ಲ ಕೊಟ್ಟು ಬನ್ನಿ. ಅವರಿಂದಲೇ ಒಂದು ದಾರಿ ಉಳಿದಿದೆ.

ಕಾರಣ ಹೇಳುತ್ತೇನೆ. ನಾನು ಒಂದು ಸಣ್ಣ ಕಂಪನಿಯಲ್ಲಿ ಆ್ಯಪ್ ಬರೆಯುವವನು. ಗೆಸ್ಟ್ ಅಂದರೆ ಖಾತೆ ಅಲ್ಲ. ಮೊದಲ ಸಲ ಆಟ ತೆರೆದಾಗ ಅದು ಒಂದು ಉದ್ದನೆಯ ಗುರುತಿನ ಸಂಖ್ಯೆ ಹುಟ್ಟಿಸುತ್ತದೆ, ಅದನ್ನು ಫೋನಿನಲ್ಲೇ ಬರೆದಿಡುತ್ತದೆ. ಲೆವೆಲ್ಲೂ ಅದೇ ಸಂಖ್ಯೆಯ ಹೆಸರಿನಲ್ಲಿ ಫೋನಿನಲ್ಲೇ ಇರುತ್ತದೆ. ನೀವು ಲಾಗ್‌ಔಟ್ ಒತ್ತಿದಾಗ ಆಟ ಆ ಸಂಖ್ಯೆಯನ್ನು ಮರೆಯುತ್ತದೆ. ಮತ್ತೆ ಗೆಸ್ಟ್ ಒತ್ತಿದರೆ ಹಳೇ ಗೆಸ್ಟ್ ಬರುವುದಿಲ್ಲ, ಹೊಸ ಸಂಖ್ಯೆ ಹುಟ್ಟುತ್ತದೆ. ಪಾಸ್‌ವರ್ಡ್ ಇದ್ದರೆ "ನಾನೇ ಆ ಹಳೇ ಮನುಷ್ಯ" ಅಂತ ತೋರಿಸಬಹುದಿತ್ತು. ಗೆಸ್ಟ್‌ಗೆ ಹಾಗೆ ತೋರಿಸಲು ಏನೂ ಇಲ್ಲ.

ಈಗ ಹಳೇ ಲೆವೆಲ್ ಎರಡು ಕಡೆ ಉಳಿದಿರಬಹುದು.

ಒಂದು, ಫೋನಿನ ಒಳಗೇ. ಕೆಲವು ಆಟಗಳು ಲಾಗ್‌ಔಟ್‌ನಲ್ಲಿ ಸಂಖ್ಯೆಯನ್ನು ಮಾತ್ರ ಮರೆಯುತ್ತವೆ, ಲೆವೆಲ್ಲಿನ ಫೈಲ್ ದಿಕ್ಕಿಲ್ಲದೆ ಅಲ್ಲೇ ಬಿದ್ದಿರುತ್ತದೆ. ಇನ್ನು ಕೆಲವು ಅದನ್ನೂ ಅಳಿಸಿಬಿಡುತ್ತವೆ.

ಎರಡು, ಗೂಗಲ್ ಬ್ಯಾಕಪ್‌ನಲ್ಲಿ. ಆಂಡ್ರಾಯ್ಡ್ 6ರಿಂದ ಫೋನು ತಾನಾಗಿಯೇ ಪ್ರತಿ ಆ್ಯಪ್‌ನ 25 ಎಂಬಿವರೆಗಿನ ಡೇಟಾವನ್ನು ನಿಮ್ಮ ಗೂಗಲ್ ಖಾತೆಗೆ ಕಳಿಸುತ್ತದೆ. ಆಟ ಮಾಡಿದವರು ಬೇಡ ಅಂತ ಬರೆದಿರಬಾರದು, ಅಷ್ಟೇ. ಇದು ಸಾಮಾನ್ಯವಾಗಿ ರಾತ್ರಿ ನಡೆಯುತ್ತದೆ. ಫೋನು ವೈಫೈನಲ್ಲಿರಬೇಕು, ಚಾರ್ಜಿಗೆ ಹಾಕಿ ಸುಮ್ನೆ ಇಟ್ಟಿರಬೇಕು.

ಗಂಟು ಇರುವುದು ಇಲ್ಲಿ. ಒಂದು ಆ್ಯಪ್‌ಗೆ ಒಂದೇ ಪ್ರತಿ ಇರುತ್ತದೆ. ನಿನ್ನೆ ರಾತ್ರಿ ಬ್ಯಾಕಪ್ ಆಗಿದ್ದರೆ 1,486ರ ಜಾಗದಲ್ಲಿ ಲೆವೆಲ್ 1 ಹೋಗಿ ಕೂರುತ್ತಿತ್ತು. ಇನ್ನು ಅನ್‌ಇನ್‌ಸ್ಟಾಲ್ ಮಾಡಿದರೆ, ಮತ್ತೆ ಹಾಕುವಾಗ ಬ್ಯಾಕಪ್‌ನಿಂದ ಬರುತ್ತದೆ, ನಿಜ. ಆದರೆ ಫೋನಿನೊಳಗೆ ಬಿದ್ದಿದ್ದ ಫೈಲು ಶಾಶ್ವತವಾಗಿ ಹೋಗುತ್ತದೆ. ಎರಡನೇ ದಾರಿ ಹಿಡಿದರೆ ಮೊದಲನೇದು ಮುಚ್ಚುತ್ತದೆ. ಅದಕ್ಕೇ ನಿಲ್ಲಿ ಅಂದೆ.

ರೂಟ್ ವಿಚಾರ: ಕೊಪ್ಪಿಕರ್ ಅಣ್ಣಾ, ಬೇಸರ ಮಾಡಿಕೊಳ್ಳಬೇಡಿ. ಈಗಿನ ಫೋನ್ ರೂಟ್ ಮಾಡಲು ಮೊದಲು ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕು. ಹಾಗೆ ಮಾಡಿದ ಕೂಡಲೇ ಫೋನಿನ ಡೇಟಾ ಎಲ್ಲಾ ಅಳಿಸಿಹೋಗುತ್ತದೆ. ಯಾವ ಫೈಲಿಗಾಗಿ ಬಾಗಿಲು ಒಡೆದಿರೋ ಅದೇ ಇರುವುದಿಲ್ಲ.

ಕೊಪ್ಪಿಕರ್ ರೋಡ್ ಮೊಬೈಲ್ · ರಾತ್ರಿ 9:41

ರೂಟ್ ಮಾತು ವಾಪಸ್. ಆದರೆ ಅನ್‌ಇನ್‌ಸ್ಟಾಲ್ ಮಾಡಿದರೆ ವಾಪಸ್ ಬರುತ್ತದೆ ಅನ್ನೋದು ಸುಳ್ಳಲ್ಲ ಸರ್. ನನ್ನ ಕಣ್ಣಾರೆ ನೋಡಿದ್ದೇನೆ, ಬ್ಯಾಕಪ್ ಆಫ್ ಇದ್ದ ಫೋನಿನಲ್ಲೂ ಬಂದಿದೆ.

ವಿದ್ಯಾನಗರ ಕೋಡು · ರಾತ್ರಿ 9:52

ಸುಳ್ಳು ಅಂದಿಲ್ಲ. ಅದು ಬೇರೆ ಜಾತಿಯ ಆಟ. ಕೆಲವರು ತಾವೇ ಸಂಖ್ಯೆ ಹುಟ್ಟಿಸುವುದಿಲ್ಲ, ಆಂಡ್ರಾಯ್ಡ್ ಕೊಡುವ `ANDROID_ID` ಬಳಸುತ್ತಾರೆ, ಲೆವೆಲ್ ಅನ್ನು ಸರ್ವರ್‌ನಲ್ಲಿ ಇಡುತ್ತಾರೆ. ಆ ಸಂಖ್ಯೆ ಆ್ಯಪ್ ತೆಗೆದು ಹಾಕಿದರೂ ಬದಲಾಗುವುದಿಲ್ಲ, ಫ್ಯಾಕ್ಟರಿ ರೀಸೆಟ್ ಮಾಡಿದರೆ ಮಾತ್ರ ಬದಲಾಗುತ್ತದೆ. ಅದಕ್ಕೇ ಆಟ ಫೋನನ್ನು ಗುರುತು ಹಿಡಿಯಿತು ಅಂತ ನಿಮಗೆ ಕಂಡದ್ದು. ಆದರೆ ಈ ಅಕ್ಕನ ಕೇಸಿನಲ್ಲಿ ಹಾಗಿದ್ದಿದ್ದರೆ ಮತ್ತೆ ಗೆಸ್ಟ್ ಒತ್ತಿದಾಗಲೇ 1,486 ಬರಬೇಕಿತ್ತು, ಅಲ್ವಾ? ಲೆವೆಲ್ 1 ಬಂತು ಅಂದರೆ ಇದು ಹೊಸ ಸಂಖ್ಯೆ ಹುಟ್ಟಿಸುವ ಆಟ.

ಕೊಪ್ಪಿಕರ್ ರೋಡ್ ಮೊಬೈಲ್ · ರಾತ್ರಿ 9:55

ಹಾಂ. ಇದು ತಲೆಗೆ ಹೋಯ್ತು.

ಸಾಧನಕೇರಿ ಮಗಳು · ರಾತ್ರಿ 10:03

ಹಾಗಾದರೆ ಬ್ಯಾಕಪ್ ಆಫ್ ಮಾಡಿಬಿಡಲಾ? ಅಪ್ಪಿತಪ್ಪಿ ಲೆವೆಲ್ 1 ಹೋಗೋದು ತಪ್ಪುತ್ತೆ.

ವಿದ್ಯಾನಗರ ಕೋಡು · ರಾತ್ರಿ 10:04

ಬೇಡ! ಆಫ್ ಮಾಡಿದರೆ ಗೂಗಲ್‌ನಲ್ಲಿ ಇರುವ ಪ್ರತಿಯನ್ನೂ ಅಳಿಸುತ್ತೇವೆ ಅಂತ ಕೇಳುತ್ತದೆ. ಅವಸರದಲ್ಲಿ ಓಕೆ ಒತ್ತಿದರೆ ಕಥೆ ಮುಗಿಯಿತು. ವೈಫೈ ಆಫ್ ಇದ್ದರೆ ಸಾಕು. ಮೊಬೈಲ್ ಡೇಟಾದಲ್ಲೂ ಬ್ಯಾಕಪ್ ಮಾಡು ಅನ್ನೋ ಆಯ್ಕೆ ಮಾತ್ರ ಆಫ್ ಇದೆಯಾ ನೋಡಿಕೊಳ್ಳಿ. ಮತ್ತೆ ಅಪ್ಪಾಜಿಗೆ ಹೇಳಿ, ಆ ಆಟ ಎರಡು ದಿನ ತೆರೆಯಬಾರದು. ಹೊಸ ಗೆಸ್ಟ್‌ನಲ್ಲಿ ಆಡಿದರೆ ಹಳೇ ಫೈಲಿನ ಮೇಲೆಯೇ ಬರೆಯಬಹುದು.

ಸಾಧನಕೇರಿ ಮಗಳು · ರಾತ್ರಿ 10:15

ಮೊಬೈಲ್ ಡೇಟಾದ್ದು ಆಫ್ ಇದೆ. ಅಪ್ಪಾಜಿಗೆ ಹೇಳಿದೆ. "ಮತ್ತೆ ಊಟ ಆದ ಮೇಲೆ ಏನು ಮಾಡಲಿ" ಅಂದರು. ಮೊಮ್ಮಗಳ ಜೊತೆ ಚೌಕಾಬಾರ ಆಡಿ ಅಂದೆ.

ಬೆಟಗೇರಿ ಸೀರೆ ಅಂಗಡಿ · ರಾತ್ರಿ 10:31

ಆಟ ಹೋದರೆ ಹೋಗಲಿ ಬಿಡ್ರಿ. ನನ್ನದು ಕೇಳಿ. ಅಂಗಡಿಯ ಉದ್ರಿ ಲೆಕ್ಕ ಇಡಲು ಒಂದು ಆ್ಯಪ್ ಹಾಕಿಕೊಂಡಿದ್ದೆ. "ಸದ್ಯಕ್ಕೆ ಬಿಟ್ಟುಬಿಡಿ" ಅಂತ ಒಂದು ಬಟನ್ ಇತ್ತು, ನಂಬರ್ ಕೊಡದೇ ಒಳಗೆ ಹೋದೆ. ಎಂಟು ತಿಂಗಳ ಉದ್ರಿ ಬರೆದೆ. ಒಂದು ದಿನ ಆ್ಯಪ್ ನಿಧಾನ ಆಯ್ತು. ತಮ್ಮನ ಮಗ "Clear data" ಒತ್ತಿಬಿಟ್ಟ. ಅವನು ಕ್ಯಾಶೆ ಅಂದುಕೊಂಡಿದ್ದ. 60ಕ್ಕೂ ಹೆಚ್ಚು ಗಿರಾಕಿಗಳ ಲೆಕ್ಕ ಗಾಳಿಗೆ.

ಪೂರ್ತಿ ಹೋಗಲಿಲ್ಲ. ಉದ್ರಿ ಬರೆದಾಗಲೆಲ್ಲಾ ಗಿರಾಕಿಗೆ ನನ್ನ ಸಿಮ್ಮಿನಿಂದ ಮೆಸೇಜ್ ಹೋಗುತ್ತಿತ್ತು. ಕಳಿಸಿದ ಮೆಸೇಜು ಒಂದೊಂದೇ ತೆಗೆದು ಮೂರು ರಾತ್ರಿ ಕೂತು ಪುಸ್ತಕಕ್ಕೆ ಇಳಿಸಿದೆ. ನಂಬರ್ ಇಲ್ಲದ ಗಿರಾಕಿಗಳದ್ದು ಅವರು ಹೇಳಿದ್ದೇ ಲೆಕ್ಕ. ಕೆಲವರು ಇದ್ದದ್ದಕ್ಕಿಂತ ಜಾಸ್ತಿ ಹೇಳಿ ಕೊಟ್ಟರು, ಅದನ್ನೂ ಹೇಳಬೇಕು.

ವಿದ್ಯಾನಗರ ಕೋಡು · ರಾತ್ರಿ 10:38

ಅಣ್ಣಾ, ನಿಮ್ಮದು ಲಾಗ್‌ಔಟ್‌ಗಿಂತ ಕೆಟ್ಟದ್ದು. "Clear cache" ಒತ್ತಿದರೆ ಮತ್ತೆ ಇಳಿಸಿಕೊಳ್ಳಬಹುದಾದ ಚಿತ್ರ ಗಿತ್ರ ಮಾತ್ರ ಹೋಗುತ್ತವೆ. "Clear data", ಕೆಲವು ಫೋನಿನಲ್ಲಿ "Clear storage", ಅದನ್ನು ಒತ್ತಿದರೆ ಆ್ಯಪ್ ಈಗ ತಾನೇ ಇನ್‌ಸ್ಟಾಲ್ ಆದಂತೆ. ಫೋನಿನೊಳಗೆ ಏನೂ ಉಳಿಯುವುದಿಲ್ಲ. ಬ್ಯಾಕಪ್ ಒಂದೇ ಗತಿ, ಅದೂ ಆ ರಾತ್ರಿಯೊಳಗೆ.

ಬೆಟಗೇರಿ ಸೀರೆ ಅಂಗಡಿ · ರಾತ್ರಿ 10:40

ಆ ರಾತ್ರಿಯೇ ದಾಟಿತ್ತು ತಮ್ಮಾ. ಈಗ ಕೆಂಪು ರಟ್ಟಿನ ಪುಸ್ತಕ. ಅದಕ್ಕೆ ಬಟನ್ನೇ ಇಲ್ಲ.

ಹಾವೇರಿ ಏಲಕ್ಕಿ · ಭಾನುವಾರ ಬೆಳಗ್ಗೆ 7:20

ಅಪ್ಪಾಜಿ ಫೋನಿನಲ್ಲಿ ಪ್ಲೇ ಗೇಮ್ಸ್ ಇದೆಯಾ ನೋಡಿ ಅಕ್ಕಾ. ನನ್ನ ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಆಟ ಶುರುವಾದಾಗ ಮೇಲೆ ಹಸಿರು ಪಟ್ಟಿ ಬಂದು ನನ್ನ ಹೆಸರು ತೋರಿಸುತ್ತದೆ. ಅದು ಬಂದರೆ ಎಲ್ಲಾ ಸೇವ್ ಆಗಿದೆ ಅಂತ ಅರ್ಥ.

ಸಾಧನಕೇರಿ ಮಗಳು · ಬೆಳಗ್ಗೆ 7:44

ಇದೆ! ಪ್ಲೇ ಗೇಮ್ಸ್‌ನಲ್ಲಿ ಈ ಆಟದ ಹೆಸರೂ ಇದೆ. "1,000 ಲೆವೆಲ್ ಮುಗಿಸಿದರು" ಅಂತ ಪದಕವೂ ಇದೆ! ಹಾಗಾದರೆ ಸಿಗುತ್ತೆ ಅಂತಾನಾ?

ವಿದ್ಯಾನಗರ ಕೋಡು · ಬೆಳಗ್ಗೆ 8:30

ಆಸೆ ಮುರಿಯಲು ಬೇಜಾರು. ಪದಕ ಬೇರೆ, ಉಳಿಸಿದ ಆಟ ಬೇರೆ. ಪ್ಲೇ ಗೇಮ್ಸ್‌ನಲ್ಲಿ ಪದಕ ಕೊಡುವ ಕೆಲಸವನ್ನು ಒಂದು ಸಾಲಿನಲ್ಲಿ ಬರೆದುಬಿಡಬಹುದು. ಲೆವೆಲ್ ಅನ್ನು ಕ್ಲೌಡ್‌ಗೆ ಕಳಿಸುವುದನ್ನು ಆಟ ಮಾಡಿದವರು ಬೇರೆಯಾಗಿಯೇ ಕೂಡಿಸಬೇಕು, ತುಂಬಾ ಜನ ಕೂಡಿಸುವುದಿಲ್ಲ. ಹಸಿರು ಪಟ್ಟಿ "ನೀವು ಯಾರು" ಅಂತ ಹೇಳುತ್ತದೆ, "ನಿಮ್ಮದು ಉಳಿದಿದೆ" ಅಂತ ಹೇಳುವುದಿಲ್ಲ.

ಆದರೂ ಆ ಪದಕದ ಸ್ಕ್ರೀನ್‌ಶಾಟ್ ತೆಗೆದಿಡಿ. ಕಂಪನಿಗೆ ಬರೆಯುವಾಗ ಬೇಕು.

ಈಗ ಒಂದು ಪರೀಕ್ಷೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ, ಆ ಆಟ ಒತ್ತಿ, ಸ್ಟೋರೇಜ್ ನೋಡಿ. ಅಲ್ಲಿ ಆ್ಯಪ್‌ನ ಗಾತ್ರ, ಡೇಟಾ, ಕ್ಯಾಶೆ ಬೇರೆ ಬೇರೆ ಇರುತ್ತವೆ. ಡೇಟಾ ಎಷ್ಟು ಅಂತ ಬರೆದುಕೊಳ್ಳಿ. ಆಮೇಲೆ ಅದೇ ಆಟವನ್ನು ನಿಮ್ಮ ಫೋನಿನಲ್ಲಿ ಹೊಸದಾಗಿ ಹಾಕಿ, ಗೆಸ್ಟ್ ಆಗಿ ಒಂದು ಲೆವೆಲ್ ಆಡಿ, ಅಲ್ಲಿ ಡೇಟಾ ಎಷ್ಟು ನೋಡಿ. ಎರಡಕ್ಕೂ ಹೋಲಿಸೋಣ. ನಂತರ ಬ್ಯಾಕಪ್ ಪುಟದಲ್ಲಿ ಕೊನೆಯ ಬ್ಯಾಕಪ್ ಯಾವತ್ತು ಆಗಿದೆ ನೋಡಿ. ಸುಮ್ನೆ ನೋಡಿ, ಏನೂ ಒತ್ತಬೇಡಿ.

ಸಾಧನಕೇರಿ ಮಗಳು · ಬೆಳಗ್ಗೆ 9:05

ಅಪ್ಪಾಜಿ ಫೋನ್: 4.1 ಎಂಬಿ. ನನ್ನ ಫೋನ್: 1.3 ಎಂಬಿ.

ಕೊನೆಯ ಬ್ಯಾಕಪ್: ನವೆಂಬರ್ 3. ಆ್ಯಪ್‌ಗಳ ಪಟ್ಟಿಯಲ್ಲಿ ಈ ಆಟದ ಹೆಸರಿದೆ.

ನವೆಂಬರ್ 3 ಅಂದರೆ ದೀಪಾವಳಿಗೆ ನಮ್ಮ ಮನೆಯಲ್ಲಿದ್ದರು. ಸವಣೂರಿನಲ್ಲಿ ವೈಫೈ ಇಲ್ಲ, ಬರೀ ಮೊಬೈಲ್ ಡೇಟಾ.

ವಿದ್ಯಾನಗರ ಕೋಡು · ಬೆಳಗ್ಗೆ 9:22

ಹೊಂದುತ್ತದೆ. ಅಪ್ಪಾಜಿ ಫೋನ್ ಬ್ಯಾಕಪ್ ಆಗುವುದು ನಿಮ್ಮ ಮನೆಗೆ ಬಂದಾಗ ಮಾತ್ರ. ಅಂದರೆ ಗೂಗಲ್‌ನಲ್ಲಿ ದೀಪಾವಳಿ ದಿನದ ಲೆವೆಲ್ ಇದೆ, 1,486 ಅಲ್ಲ.

4.1 ಮತ್ತು 1.3ರ ವ್ಯತ್ಯಾಸ ನೋಡಿದರೆ ಒಳಗೆ ಏನೋ ಉಳಿದಿದೆ. ಆದರೆ ಅದು ಲೆವೆಲ್ಲೇ ಅಂತ ಹೇಳಲಾರೆ. ಜಾಹೀರಾತಿನ ಸಾಮಾನುಗಳೂ ಅಲ್ಲೇ ಬಿದ್ದಿರುತ್ತವೆ. 1,486 ಲೆವೆಲ್ಲಿನ ಲೆಕ್ಕ ನಿಜಕ್ಕೂ ಕೆಲವು ಕೆಬಿ ಅಷ್ಟೇ. ಒಂದು ಅಂಕಿ, ಒಂದಿಷ್ಟು ನಾಣ್ಯ, ಯಾವ ಯಾವ ಪದ ಸಿಕ್ಕಿದೆ ಅಂತ ಒಂದು ಪಟ್ಟಿ. ಡೇಟಾ ಎರಡೂ ಕಡೆ ಒಂದೇ ಅಳತೆ ಇದ್ದರೂ ಹೋಗಿದೆ ಅಂತ ಹೇಳಲು ಬರುವುದಿಲ್ಲ. ಹಾಗಾಗಿ ಇದು ಸುಳಿವು, ತೀರ್ಪಲ್ಲ.

ಕಂಪನಿಗೆ ಬರೆಯಿರಿ. ಒಂದೇ ಪ್ರಶ್ನೆ ಕೇಳಿ: ಗೆಸ್ಟ್ ಲಾಗ್‌ಔಟ್ ಆದರೆ ಫೋನಿನಲ್ಲಿರುವ ಫೈಲನ್ನು ನಿಮ್ಮ ಆಟ ಅಳಿಸುತ್ತದೋ ಇಲ್ಲವೋ? ನಿಮ್ಮ ಸರ್ವರ್‌ನಲ್ಲಿ ಪ್ರತಿ ಇದೆಯೋ ಇಲ್ಲವೋ? ಇವೆರಡು ಸೇರಿ ಒಂದೇ ಪ್ರಶ್ನೆ ಅಂದುಕೊಳ್ಳಿ. ಜೊತೆಗೆ ಹಳೇ ಗೆಸ್ಟ್ ಸಂಖ್ಯೆ ಬೇಕು. ಈಗ ಕಾಣುವುದು ಹೊಸ ಸಂಖ್ಯೆ, ಅದನ್ನು ಕೊಟ್ಟರೆ ಪ್ರಯೋಜನ ಇಲ್ಲ. ಹಳೇ ಸ್ಕ್ರೀನ್‌ಶಾಟ್ ಏನಾದರೂ ಇದೆಯಾ?

ಸಾಧನಕೇರಿ ಮಗಳು · ಬೆಳಗ್ಗೆ 9:40

ಇದೆ! 1,400 ಆದಾಗ ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ್ದರು. ಎಲ್ಲರೂ ಹೆಬ್ಬೆರಳು ಒತ್ತಿ ಸುಮ್ಮನಾಗಿದ್ದೆವು. ಈಗ ದೊಡ್ಡದು ಮಾಡಿ ನೋಡಿದರೆ ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "Guest" ಅಂತ ಒಂದು ಸಂಖ್ಯೆ ಇದೆ.

ಮತ್ತೊಂದು, ಜಾಹೀರಾತು ಬೇಡ ಅಂತ ಒಮ್ಮೆ ದುಡ್ಡು ಕೊಟ್ಟಿದ್ದೆವು. ರಸೀದಿ ಮೇಲ್‌ನಲ್ಲಿದೆ, GPA ಅಂತ ಶುರುವಾಗುತ್ತದೆ.

ವಿದ್ಯಾನಗರ ಕೋಡು · ಬೆಳಗ್ಗೆ 9:43

ಎರಡೂ ಹಾಕಿ ಕಳಿಸಿ. ಜಾಹೀರಾತು ತೆಗೆಸಿದ್ದು ಹೋಗುವುದಿಲ್ಲ, ಅದು ಗೂಗಲ್ ಖಾತೆಗೆ ಅಂಟಿಕೊಂಡಿರುತ್ತದೆ. ಆಟದಲ್ಲಿ "Restore purchases" ಒತ್ತಿದರೆ ಬರುತ್ತದೆ. ದುಡ್ಡು ಕೊಟ್ಟು ನಾಣ್ಯ ತಗೊಂಡಿದ್ದರೆ ಅದು ಹಾಗೆ ಬರುವುದಿಲ್ಲ.

ಮುಳಗುಂದ ನಾಕಾ · ಬೆಳಗ್ಗೆ 10:10

ಬ್ಯಾಕಪ್ 57 ದಿನ ಮಾತ್ರ ಇಟ್ಟುಕೊಳ್ಳುತ್ತಾರೆ ಅಂತ ಓದಿದ್ದೆ. ನವೆಂಬರ್ 3ರಿಂದ ಲೆಕ್ಕ ಹಾಕಿದರೆ ಮುಗಿದುಹೋಗಿದೆ.

ವಿದ್ಯಾನಗರ ಕೋಡು · ಬೆಳಗ್ಗೆ 10:18

57 ದಿನ ಅನ್ನೋದು ಸರಿ, ಆದರೆ ಅದು ಫೋನನ್ನೇ 57 ದಿನ ಬಳಸದಿದ್ದರೆ. ಅಪ್ಪಾಜಿ ದಿನಾ ಬಳಸುತ್ತಿದ್ದಾರೆ. ಪುಟದಲ್ಲಿ ದಿನಾಂಕ ಕಾಣುತ್ತಿದೆ ಅಂದರೆ ಇದೆ.

ರಾಣೇಬೆನ್ನೂರು ಕಾಕಾ · ಬೆಳಗ್ಗೆ 11:02

ನನಗೊಂದು ಅರ್ಥ ಆಗುವುದಿಲ್ಲ. ಒಳಗೆ ಬರುವಾಗ ಹೆಸರು ಕೇಳದವರು, ಹೊರಗೆ ಹೋಗಲು ಯಾಕೆ ಬಾಗಿಲು ಇಟ್ಟರು? ಗೆಸ್ಟ್‌ಗೆ ಲಾಗ್‌ಔಟ್ ಬಟನ್ ಯಾಕೆ ಬೇಕು?

ವಿದ್ಯಾನಗರ ಕೋಡು · ಬೆಳಗ್ಗೆ 11:25

ಕಾಕಾ, ಮರ್ಮಕ್ಕೆ ಹೊಡೆದಿರಿ. ಆ ತಪ್ಪು ನಾನೂ ಮಾಡಿದ್ದೇನೆ. ಸೆಟ್ಟಿಂಗ್ ಪುಟ ಎಲ್ಲರಿಗೂ ಒಂದೇ ಬರೆಯುತ್ತೇವೆ, ಗೆಸ್ಟ್ ನೆನಪಿಗೇ ಬರುವುದಿಲ್ಲ. ನಮ್ಮ ಆ್ಯಪ್‌ನಲ್ಲಿ ಫೈರ್‌ಬೇಸ್ ಇತ್ತು. ಅದರಲ್ಲಿ ಗೆಸ್ಟ್‌ಗೆ `signOut()` ಕೊಟ್ಟರೆ ಆ ಗುರುತು ಮತ್ತೆ ಸಿಗುವುದಿಲ್ಲ, ಮುಂದಿನ ಸಲ ಹೊಸದೇ ಬರುತ್ತದೆ. ಡೇಟಾ ಸರ್ವರ್‌ನಲ್ಲಿ ಇತ್ತು, ಆದರೆ ಯಾರದ್ದು ಅಂತ ಹೇಳುವವರಿಲ್ಲ. ನಾಲ್ಕು ಜನ ಬೈದು ಬರೆದ ಮೇಲೆ ಹೀಗೆ ಬದಲಾಯಿಸಿದೆ:

```kotlin
if (auth.currentUser?.isAnonymous == true) {
    showLinkScreen()
} else {
    auth.signOut()
}
```

ಗೆಸ್ಟ್ ಆಗಿದ್ದರೆ ಹೊರಗೆ ಕಳಿಸುವುದಿಲ್ಲ, ಮೊದಲು ಖಾತೆಗೆ ಜೋಡಿಸಿ ಅನ್ನೋ ಪುಟ ತೋರಿಸುತ್ತದೆ. ಜೋಡಿಸಲು `linkWithCredential` ಬಳಸಬೇಕು. ಆಗ ಹಳೇ ಗುರುತೇ ಉಳಿಯುತ್ತದೆ. ಅದನ್ನು ಬಿಟ್ಟು ನೇರವಾಗಿ ಗೂಗಲ್ ಲಾಗಿನ್ ಮಾಡಿಸಿದರೆ ಹೊಸ ಖಾಲಿ ಖಾತೆ ಬರುತ್ತದೆ. ಅಕ್ಕ ಗಾಬರಿಯಲ್ಲಿ ಒತ್ತಿದಾಗ ಆದದ್ದೂ ಇಂಥದ್ದೇ ಇರಬೇಕು.

ರಾಣೇಬೆನ್ನೂರು ಕಾಕಾ · ಬೆಳಗ್ಗೆ 11:31

ಕೋಡ್ ತಿಳಿಯಲಿಲ್ಲ. ಬೈದವರಿಗೆ ನನ್ನದೊಂದು ನಮಸ್ಕಾರ.

ಕೊಪ್ಪಿಕರ್ ರೋಡ್ ಮೊಬೈಲ್ · ಭಾನುವಾರ ಮಧ್ಯಾಹ್ನ 1:15

ಸರ್, ರಾತ್ರಿಯಿಂದ ಯೋಚನೆ ಮಾಡುತ್ತಿದ್ದೆ. ಅಪ್ಪಾಜಿ ಫೋನನ್ನು ಮುಟ್ಟುವುದೇ ಬೇಡ. ನನ್ನ ಹತ್ತಿರ ಗಿರಾಕಿಗಳಿಗೆ ತಾತ್ಕಾಲಿಕವಾಗಿ ಕೊಡುವ ಒಂದು ಖಾಲಿ ಫೋನ್ ಇದೆ. ಅದನ್ನು ರೀಸೆಟ್ ಮಾಡಿ, ಹೊಸ ಫೋನ್ ಶುರು ಮಾಡುವ ಹಾಗೆ ಅಪ್ಪಾಜಿ ಜಿಮೇಲ್ ಹಾಕಿ, "ಯಾವ ಫೋನಿನ ಬ್ಯಾಕಪ್ ಬೇಕು" ಅಂತ ಕೇಳಿದಾಗ ಅವರ ಫೋನ್ ಆರಿಸಿದರೆ? ಆಟ ಇಲ್ಲಿ ಇಳಿಯುತ್ತದೆ, ಅಲ್ಲಿ ಇರುವ ಫೈಲ್ ಹಾಗೇ ಇರುತ್ತದೆ. ಹೊಸ ಫೋನ್ ತಗೊಂಡವರಿಗೆ ದಿನಾ ಮಾಡಿಕೊಡುವ ಕೆಲಸ ಇದು.

ವಿದ್ಯಾನಗರ ಕೋಡು · ಮಧ್ಯಾಹ್ನ 1:28

ಅಣ್ಣಾ, ಇದು ನನಗೆ ಹೊಳೆದೇ ಇರಲಿಲ್ಲ. ಎರಡು ದಾರಿಯೂ ಉಳಿಯುತ್ತದೆ.

ಮೂರು ಎಚ್ಚರಿಕೆ ಹೇಳುತ್ತೇನೆ. ನಿಮ್ಮ ಖಾಲಿ ಫೋನಿನ ಆಂಡ್ರಾಯ್ಡ್ ಆವೃತ್ತಿ ಅಪ್ಪಾಜಿ ಫೋನಿನದಕ್ಕಿಂತ ಹಳೇದಿರಬಾರದು, ಇದ್ದರೆ ಆ ಬ್ಯಾಕಪ್ ತಗೊಳ್ಳುವುದಿಲ್ಲ. ಮಧ್ಯದಲ್ಲಿ ಹಳೇ ಫೋನಿನ ಸ್ಕ್ರೀನ್ ಲಾಕ್ ಕೇಳುತ್ತದೆ, ಪಿನ್ ಅಥವಾ ಪ್ಯಾಟರ್ನ್ ಗೊತ್ತಿರಬೇಕು. ಮೂರನೇದು ನಮ್ಮ ಕೈಯಲ್ಲಿಲ್ಲ: ಕೆಲವು ಆಟ ತಮ್ಮ ಫೈಲನ್ನು ಆ ಫೋನಿನ ಗುರುತಿನಿಂದಲೇ ಬೀಗ ಹಾಕಿರುತ್ತವೆ. ಹಾಗಿದ್ದರೆ ಬೇರೆ ಫೋನಿನಲ್ಲಿ ತೆರೆಯುವುದಿಲ್ಲ. ಆಗ ಅಪ್ಪಾಜಿ ಫೋನಿನಲ್ಲೇ ತೆಗೆದು ಹಾಕಬೇಕಾಗುತ್ತದೆ.

ಕಂಪನಿ ಉತ್ತರ ಬರಲಿ, ಆಮೇಲೆ ಮಾಡಿ.

ಸಾಧನಕೇರಿ ಮಗಳು · ಮಂಗಳವಾರ ಸಂಜೆ 6:12

ಕಂಪನಿಯಿಂದ ಉತ್ತರ ಬಂತು, ಇಂಗ್ಲಿಷಿನಲ್ಲಿ ಎರಡೇ ಸಾಲು. ಗೆಸ್ಟ್ ಡೇಟಾ ಸರ್ವರ್‌ನಲ್ಲಿ ಇಡುವುದಿಲ್ಲವಂತೆ, ಲಾಗ್‌ಔಟ್ ಆದಾಗ ಫೋನಿನಲ್ಲೂ ಅಳಿಸುತ್ತಾರಂತೆ. "ಎಚ್ಚರಿಕೆ ತೋರಿಸಿದ್ದೆವು" ಅಂತಲೂ ಬರೆದಿದ್ದಾರೆ. ನನ್ನ ಫೋನಿನಲ್ಲಿ ಒತ್ತಿ ನೋಡಿದೆ, ಹೌದು. "Unsaved progress may be lost" ಅಂತ ಬರುತ್ತದೆ. ಅಪ್ಪಾಜಿಗೆ ತೋರಿಸಿದೆ. "ನನ್ನದು ಸೇವ್ ಆಗಿತ್ತಲ್ಲ, ದಿನಾ ಬಿಟ್ಟಲ್ಲಿಂದಲೇ ಶುರುವಾಗುತ್ತಿತ್ತು" ಅಂದರು. ಅವರ ಮಾತೂ ತಪ್ಪಲ್ಲ, ಅಲ್ವಾ?

ಅಂದರೆ ಆ 4.1 ಎಂಬಿ ಬರೀ ಜಾಹೀರಾತು.

ವಿದ್ಯಾನಗರ ಕೋಡು · ಸಂಜೆ 6:30

ಇರಬೇಕು. ಹಾಗಾದರೆ ಉಳಿದದ್ದು ನವೆಂಬರ್ 3 ಒಂದೇ. ಈಗ ಅಪ್ಪಾಜಿ ಫೋನಿನಲ್ಲೇ ತೆಗೆದು ಹಾಕಿದರೂ ನಡೆಯುತ್ತದೆ. ಆದರೂ ಖಾಲಿ ಫೋನಿನಲ್ಲಿ ಮೊದಲು ನೋಡುವುದು ಒಳ್ಳೇದು. ಅಲ್ಲಿ ಕೆಟ್ಟರೆ ಇಲ್ಲಿ ಇನ್ನೊಂದು ಅವಕಾಶ ಇರುತ್ತದೆ.

ಸಾಧನಕೇರಿ ಮಗಳು · ಗುರುವಾರ ರಾತ್ರಿ 9:30

ಬಂತು! ಪೂರ್ತಿ ಬರೆಯುತ್ತೇನೆ, ಬೇರೆಯವರಿಗೂ ಬೇಕಾಗಬಹುದು.

ಇವತ್ತು ಅಪ್ಪಾಜಿಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆ. ಅಂಗಡಿಯ ಅಣ್ಣ ಖಾಲಿ ಫೋನ್ ರೀಸೆಟ್ ಮಾಡಿ ಇಟ್ಟಿದ್ದರು. ಜಿಮೇಲ್ ಹಾಕಿದೆವು. ಬ್ಯಾಕಪ್ ಪಟ್ಟಿಯಲ್ಲಿ ಅಪ್ಪಾಜಿ ಫೋನ್, ನವೆಂಬರ್ 3 ಅಂತ ಬಂತು. ಸ್ಕ್ರೀನ್ ಲಾಕ್ ಕೇಳಿತು. ಅಪ್ಪಾಜಿ ಎಲ್ಲರಿಗೂ ಬೆನ್ನು ತಿರುಗಿಸಿ ಪಿನ್ ಒತ್ತಿದರು. ಎಲ್ಲಾ ಆ್ಯಪ್ ಇಳಿಸುವುದು ಬೇಡ ಅಂತ ಆ ಆಟ ಒಂದನ್ನೇ ಟಿಕ್ ಮಾಡಿದೆವು. ಹತ್ತು ನಿಮಿಷ ಆಯಿತು.

ತೆರೆದ ಕೂಡಲೇ ಲಾಗಿನ್ ಪುಟ ಬರಲೇ ಇಲ್ಲ. ನೇರವಾಗಿ ಲೆವೆಲ್ 1,322. ಮೂಲೆಯಲ್ಲಿ ಹಳೇ ಗೆಸ್ಟ್ ಸಂಖ್ಯೆ, ವಾಟ್ಸಾಪ್ ಚಿತ್ರದಲ್ಲಿ ಇದ್ದದ್ದೇ.

ಆಮೇಲೆ ಆಟದ ಸೆಟ್ಟಿಂಗ್‌ನಲ್ಲಿ ಗೂಗಲ್‌ಗೆ ಜೋಡಿಸಲು ಒತ್ತಿದೆವು. ಇಲ್ಲಿ ಇನ್ನೊಮ್ಮೆ ಎದೆ ಧಸಕ್ಕೆಂದಿತು. "ಈ ಖಾತೆಯಲ್ಲಿ ಈಗಾಗಲೇ ಒಂದು ಆಟ ಇದೆ, ಯಾವುದು ಬೇಕು" ಅಂತ ಎರಡು ಚೌಕ. ಒಂದರಲ್ಲಿ "Cloud", ಇನ್ನೊಂದರಲ್ಲಿ "This device". ನಾನು ಕ್ಲೌಡ್ ಅಂದರೆ ಒಳ್ಳೇದೇ ಇರಬೇಕು ಅಂತ ಬೆರಳು ಇಡುವವಳೇ ಇದ್ದೆ. ಅಣ್ಣ ಕೈ ಹಿಡಿದು "ಕೆಳಗೆ ಲೆವೆಲ್ ನೋಡಿ ಮೇಡಂ" ಅಂದರು. ಕ್ಲೌಡ್‌ನಲ್ಲಿ ಲೆವೆಲ್ 1. ನಾನು ಶುಕ್ರವಾರ ಗಾಬರಿಯಲ್ಲಿ ಹುಟ್ಟಿಸಿದ್ದು! "This device" ಒತ್ತಿದೆವು.

ನಂತರ ಅಪ್ಪಾಜಿ ಫೋನಿನಲ್ಲಿ ಗೂಗಲ್ ಲಾಗಿನ್ ಮಾಡಿದರೆ 1,322 ಬಂತು. ಖಾಲಿ ಫೋನನ್ನು ಅಣ್ಣ ನಮ್ಮ ಮುಂದೆಯೇ ಮತ್ತೆ ರೀಸೆಟ್ ಮಾಡಿದರು. ದುಡ್ಡು ಕೇಳಲಿಲ್ಲ, ಗಿರ್ಮಿಟ್ ತಿನ್ನಿಸಿದೆವು.

164 ಲೆವೆಲ್ ಹೋದವು. ಅಪ್ಪಾಜಿ ಲೆಕ್ಕ ಹಾಕಿ "ದಿನಕ್ಕೆ ಎಂಟು ಆಡಿದರೆ ಮೂರು ವಾರ" ಅಂದರು. ಪದ ಎಲ್ಲಾ ನೆನಪಿವೆಯಂತೆ.

ಕೊಪ್ಪಿಕರ್ ರೋಡ್ ಮೊಬೈಲ್ · ರಾತ್ರಿ 9:44

ಹಿರಿಯರು ಬಸ್ ಹತ್ತುವಾಗಲೂ ಆಡುತ್ತಿದ್ದರು ಸರ್.

ಹಾವೇರಿ ಏಲಕ್ಕಿ · ರಾತ್ರಿ 9:58

ಬಹಳ ಖುಷಿ ಆಯ್ತು ಅಕ್ಕಾ. ನನ್ನದೊಂದು ಪ್ರಶ್ನೆ. ನನ್ನ ಐಫೋನಿನಲ್ಲಿ ಒಂದು ಆಟ ಡಿಲೀಟ್ ಮಾಡಿ ಆರು ತಿಂಗಳ ಮೇಲೆ ಹಾಕಿದೆ, ಗೆಸ್ಟ್ ಆಗಿದ್ದರೂ ಹಳೇದೇ ಬಂತು. ಇನ್ನೊಂದು ಆಟ ಹಾಗೇ ಮಾಡಿದರೆ ಬರಲಿಲ್ಲ. ಐಫೋನಿನಲ್ಲಿ ಯಾವುದು ನಿಯಮ?

ವಿದ್ಯಾನಗರ ಕೋಡು · ರಾತ್ರಿ 10:07

ಐಫೋನಿನಲ್ಲಿ ಕೀಚೈನ್ ಅಂತ ಒಂದು ಜಾಗ ಇದೆ, ಆ್ಯಪ್ ಡಿಲೀಟ್ ಮಾಡಿದರೂ ಅಲ್ಲಿ ಬರೆದಿಟ್ಟದ್ದು ಸಾಮಾನ್ಯವಾಗಿ ಉಳಿಯುತ್ತದೆ. ಮೊದಲನೇ ಆಟ ಗೆಸ್ಟ್ ಸಂಖ್ಯೆಯನ್ನು ಅಲ್ಲಿ ಇಟ್ಟಿರಬೇಕು, ಲೆವೆಲ್ ಅನ್ನು ಸರ್ವರ್‌ನಲ್ಲಿ. ಎರಡನೇದು ಆ್ಯಪ್ ಒಳಗೇ ಇಟ್ಟಿತ್ತು. ಹೊರಗಿನಿಂದ ನೋಡಿ ಯಾವುದು ಹೇಗೆ ಅಂತ ಹೇಳಲು ಬರುವುದಿಲ್ಲ. ಜಾಗ ಖಾಲಿ ಮಾಡಬೇಕು ಅಂದರೆ "Delete App" ಬದಲು "Offload App" ಒತ್ತಿ, ಅದು ಡೇಟಾ ಬಿಟ್ಟು ಆ್ಯಪ್ ಮಾತ್ರ ತೆಗೆಯುತ್ತದೆ.

ರಾಣೇಬೆನ್ನೂರು ಕಾಕಾ · ರಾತ್ರಿ 10:20

ತಮ್ಮಾ, ನಾನೂ ಈಗ ನನ್ನ ಆಟ ತೆರೆದು ನೋಡಿದೆ. ಗೆಸ್ಟ್ ಅಂತಲೇ ಇದೆ. ಜೋಡಿಸಲು ಫೇಸ್‌ಬುಕ್ ಒಂದೇ ಕೊಟ್ಟಿದ್ದಾರೆ, ಅದು ನನ್ನ ಹತ್ತಿರ ಇಲ್ಲ, ಬೇಕಾಗಿಯೂ ಇಲ್ಲ. ಲಾಗ್‌ಔಟ್ ಬಟನ್ ಮಾತ್ರ ದೊಡ್ಡದಾಗಿ ಕೆಂಪಗೆ ಇದೆ. ನಾನೇನು ಮಾಡಲಿ?

ವಿದ್ಯಾನಗರ ಕೋಡು · ರಾತ್ರಿ 10:26

ಕೆಂಪು ಬಟನ್ ಮುಟ್ಟಬೇಡಿ ಕಾಕಾ. ಗೆಸ್ಟ್ ಸಂಖ್ಯೆ ಕಾಣುವ ಹಾಗೆ ಒಂದು ಸ್ಕ್ರೀನ್‌ಶಾಟ್ ತೆಗೆದು ಮಗನಿಗೆ ಕಳಿಸಿಡಿ. ವಾರಕ್ಕೊಮ್ಮೆ ರಾತ್ರಿ ಫೋನನ್ನು ವೈಫೈ ಇರುವ ಕಡೆ ಚಾರ್ಜಿಗೆ ಹಾಕಿ. ಆ ಆಟ ಬ್ಯಾಕಪ್‌ಗೆ ಒಪ್ಪಿದೆಯೋ ಇಲ್ಲವೋ ಅಂತ ಪಟ್ಟಿಯಲ್ಲಿ ನೋಡಿ ಹೇಳಿ.

ರಾಣೇಬೆನ್ನೂರು ಕಾಕಾ · ರಾತ್ರಿ 10:41

ಪಟ್ಟಿಯಲ್ಲಿ ಇಲ್ಲ.

ವಿದ್ಯಾನಗರ ಕೋಡು · ರಾತ್ರಿ 10:43

ಹಾಗಾದರೆ ಬರೀ ಫೋನಿನಲ್ಲೇ ಇದೆ. ಎಷ್ಟನೇ ಲೆವೆಲ್?

ರಾಣೇಬೆನ್ನೂರು ಕಾಕಾ · ರಾತ್ರಿ 10:44

2,210. ಫೋನಿನ ಗಾಜು ಒಡೆದಿದೆ, ಮಗ ಹೊಸದು ಕೊಡಿಸುತ್ತೇನೆ ಅಂತಿದ್ದಾನೆ. ಸದ್ಯಕ್ಕೆ ಬೇಡ ಅಂತ ಹೇಳುತ್ತೇನೆ.